ಹನ್ನೆರಡರ ಗಡಿಯಾರದಿಂದ ಮೂರು ಅಕ್ಷರಗಳಿಗೆ

ಗಡಿಯಾರದಲ್ಲಿ ಒಂಬತ್ತಕ್ಕೆ ಐದು ಕೂಡಿಸಿದರೆ ಎರಡು. ಹನ್ನೆರಡನ್ನು ಸೊನ್ನೆ ಎಂದು ಕರೆದುಕೊಂಡರೆ, 0ಯಿಂದ 11ರವರೆಗಿನ ಸಂಖ್ಯೆಗಳು ಈ ಕೂಡಿಕೆಯ ಜೊತೆ ಸೇರಿ ಹನ್ನೆರಡು ಸದಸ್ಯರ ಚಕ್ರೀಯ ಗ್ರೂಪ್ ಆಗುತ್ತವೆ. ‘ಚಕ್ರೀಯ’ ಎನ್ನಲು ಕಾರಣವಿದೆ: 1ನ್ನು ಮತ್ತೆ ಮತ್ತೆ ಕೂಡಿಸುತ್ತ ಹೋದರೆ ಉಳಿದವೆಲ್ಲ ಸಿಕ್ಕಿಬಿಡುತ್ತವೆ.

ಇನ್ನೊಂದು ಗ್ರೂಪ್ ಮೂರು ಅಕ್ಷರಗಳದು. ‘ಕಚಟ’ ಎಂದು ಬರೆದು ಸ್ಥಾನ ಬದಲಿಸುವ ಕ್ರಿಯೆಗಳನ್ನು ಎಣಿಸಿದರೆ ಆರು. ಏನೂ ಮಾಡದಿರುವುದು ಒಂದು. ಎರಡು ಸ್ಥಾನಗಳನ್ನು ಅದಲುಬದಲು ಮಾಡುವುದು ಮೂರು ಬಗೆ. ಮೊದಲ ಅಕ್ಷರವನ್ನು ಕೊನೆಗೆ ಕಳಿಸಿ ‘ಚಟಕ’ ಮಾಡುವ ಸುತ್ತು, ಅದನ್ನೇ ಎರಡು ಸಲ ಮಾಡಿ ‘ಟಕಚ’ ಪಡೆಯುವ ಸುತ್ತು, ಹೀಗೆ ಇನ್ನೆರಡು. ಒಂದಾದ ಮೇಲೆ ಒಂದನ್ನು ಮಾಡುವುದೇ ಇಲ್ಲಿನ ‘ಕೂಡಿಕೆ’.

ಮೊದಲ ಗ್ರೂಪಿನ ಪ್ರತಿ ಸದಸ್ಯನಿಗೂ ಎರಡನೆಯದರಲ್ಲಿ ಒಂದು ಕ್ರಿಯೆಯನ್ನು ಗೊತ್ತುಮಾಡಬೇಕು. ಆದರೆ ಮೊದಲು ಕೂಡಿಸಿ ಆಮೇಲೆ ಕಳಿಸಿದರೂ, ಮೊದಲು ಕಳಿಸಿ ಆಮೇಲೆ ಕೂಡಿಸಿದರೂ ಒಂದೇ ಉತ್ತರ ಬರಬೇಕು. ಅಂಥ ಹೊಂದಿಕೆಗೆ ಹೋಮೋಮಾರ್ಫಿಸಮ್ ಎಂದು ಹೆಸರು. ಲೆಕ್ಕಕ್ಕೆ ಬರುವ ನಿರ್ಧಾರ ಒಂದೇ: 1 ಎಲ್ಲಿಗೆ ಹೋಗುತ್ತದೆ? ಅದು ಗೊತ್ತಾದರೆ 2 ಎಂದರೆ ಆ ಕ್ರಿಯೆ ಎರಡು ಸಲ, 5 ಎಂದರೆ ಐದು ಸಲ. ಬೇರೆ ಆಯ್ಕೆಯೇ ಇಲ್ಲ. 1ನ್ನು ಅದಲುಬದಲಿಗೂ 2ನ್ನು ಸುತ್ತಿಗೂ ಕಳಿಸುವ ಸ್ವಾತಂತ್ರ್ಯವಿದೆ ಎಂದುಕೊಂಡವರು ಇಲ್ಲಿಯೇ ಎಡವುತ್ತಾರೆ.

ಉಳಿಯುವ ಷರತ್ತು ಇಷ್ಟೆ. ಹನ್ನೆರಡು ಸಲ ಕೂಡಿದ 1 ಸೊನ್ನೆಗೆ ಮರಳುವುದರಿಂದ, ಆರಿಸಿದ ಕ್ರಿಯೆಯನ್ನು ಹನ್ನೆರಡು ಸಲ ಮಾಡಿದಾಗ ಅಕ್ಷರಗಳು ಮೊದಲಿನಂತೆಯೇ ನಿಲ್ಲಬೇಕು. ಅದಲುಬದಲು ಎರಡು ಸಲಕ್ಕೆ ಮರಳುತ್ತದೆ, ಸುತ್ತು ಮೂರು ಸಲಕ್ಕೆ. ಎರಡೂ ಮೂರೂ ಹನ್ನೆರಡನ್ನು ಭಾಗಿಸುತ್ತವೆ. ಹಾಗಾಗಿ ಆರು ಆಯ್ಕೆಗಳೂ ಸಲ್ಲುತ್ತವೆ, ಹೋಮೋಮಾರ್ಫಿಸಮ್‌ಗಳು ಆರು.

ಏನೂ ಮಾಡದ ಕ್ರಿಯೆಯನ್ನು ಆರಿಸಿದರೆ ಹನ್ನೆರಡೂ ಅಲ್ಲಿಗೇ ಹೋಗುತ್ತವೆ, ಹೇಳಲು ಹೆಚ್ಚಿಲ್ಲ. ಮೂರು ಅದಲುಬದಲುಗಳಲ್ಲಿ ಯಾವುದನ್ನು ಆರಿಸಿದರೂ ಸಮಸಂಖ್ಯೆಗಳು ಏನನ್ನೂ ಮಾಡುವುದಿಲ್ಲ, ಬೆಸಸಂಖ್ಯೆಗಳು ಮಾತ್ರ ಅದಲುಬದಲು ಮಾಡುತ್ತವೆ. ಸುತ್ತನ್ನು ಆರಿಸಿದರೆ 0, 3, 6, 9 ಸುಮ್ಮನಿರುತ್ತವೆ. 1, 4, 7, 10 ಒಂದು ಸುತ್ತು. 2, 5, 8, 11 ಎರಡು ಸುತ್ತು. ಒಂಬತ್ತು ಮತ್ತು ಐದರಲ್ಲಿ ಪರೀಕ್ಷಿಸಬಹುದು: ಸುಮ್ಮನಿರುವುದಕ್ಕೆ ಎರಡು ಸುತ್ತು ಸೇರಿದರೆ ಎರಡು ಸುತ್ತೇ, 2ಕ್ಕೂ ಅದೇ ಗೊತ್ತಾಗಿದೆ. ಆರನೆಯದು ಇದರ ತಿರುವು: 1ಕ್ಕೆ ಎರಡು ಸುತ್ತು, 2ಕ್ಕೆ ಒಂದು.

ಹನ್ನೆರಡರಲ್ಲಿ ಆರು ಸರಿಯಾಗಿ ಹೋಗುತ್ತದೆಯಲ್ಲ, ಯಾವುದಾದರೂ ಒಂದು ಹೊಂದಿಕೆ ಆರೂ ಕ್ರಿಯೆಗಳನ್ನು ಮುಟ್ಟಬಾರದೇಕೆ ಎಂಬ ಪ್ರಶ್ನೆ ಸಹಜ. ಗಡಿಯಾರದಲ್ಲಿ ಕೂಡಿಕೆಯ ಕ್ರಮ ಹಿಂದುಮುಂದಾದರೂ ವ್ಯತ್ಯಾಸವಿಲ್ಲ. ಅಕ್ಷರಗಳಲ್ಲಿ ಹಾಗಲ್ಲ: ಮೊದಲೆರಡು ಸ್ಥಾನ ಬದಲಿಸಿ ಆಮೇಲೆ ಕೊನೆಯೆರಡನ್ನು ಬದಲಿಸಿದರೆ ‘ಚಟಕ’, ತಿರುಗಿಸಿ ಮಾಡಿದರೆ ‘ಟಕಚ’. ಆದ್ದರಿಂದ ಆರರಲ್ಲಿ ಯಾವ ಹೊಂದಿಕೆಯೂ ಮೂರಕ್ಕಿಂತ ಹೆಚ್ಚು ಕ್ರಿಯೆಗಳನ್ನು ಮುಟ್ಟುವುದಿಲ್ಲ.

ಗಡಿಯಾರ ಬದಲಾದರೆ ಎಣಿಕೆಯೂ ಬದಲಾಗುತ್ತದೆ. ಹತ್ತು ಗಂಟೆಯ ಗಡಿಯಾರವಾದರೆ ಸುತ್ತುಗಳು ಬಿದ್ದುಹೋಗಿ ನಾಲ್ಕು ಉಳಿಯುತ್ತವೆ, ಒಂಬತ್ತಕ್ಕೆ ಮೂರು, ಏಳಕ್ಕೆ ಏನೂ ಮಾಡದ ಒಂದೇ ಒಂದು.