ಒಂದು ಕಳೆದುಕೊಂಡಷ್ಟನ್ನು ಇನ್ನೊಂದು ತುಂಬುವ ಸುರುಳಿಗಳು

ಎಲೆಕ್ಟ್ರಾನಿನ ಆವೇಶಕ್ಕೂ ರಾಶಿಗೂ ಇರುವ ಅನುಪಾತವನ್ನು ಅಳೆಯುವ ಪ್ರಯೋಗದಲ್ಲಿ ಗಾಜಿನ ಬುರುಡೆಯ ಎರಡು ಪಕ್ಕದಲ್ಲಿ ಒಂದೇ ಅಳತೆಯ ಎರಡು ತಂತಿಸುರುಳಿಗಳು ಎದುರುಬದುರು ನಿಂತಿರುತ್ತವೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹೆಸರಿನ ಈ ಜೋಡಿಯಲ್ಲಿ ಸುರುಳಿಗಳ ನಡುವಿನ ದೂರ ಅವುಗಳ ತ್ರಿಜ್ಯದಷ್ಟೇ ಇರಬೇಕು. ತ್ರಿಜ್ಯ 15 ಸೆಂ.ಮೀ. ಆದರೆ ದೂರವೂ 15 ಸೆಂ.ಮೀ.

ಇಷ್ಟೇ ಏಕೆ? ಮೊದಲು ಒಂದೇ ಸುರುಳಿಯನ್ನು ನೋಡೋಣ. ಅದರ ಕಾಂತಕ್ಷೇತ್ರ ಕೇಂದ್ರದಲ್ಲಿ ಅತಿ ಹೆಚ್ಚು. ಅಕ್ಷದ ಗುಂಟ ದೂರ ಸರಿದಂತೆ ಕಡಿಮೆಯಾಗುತ್ತದೆ. ಆದರೆ ಒಂದೇ ಹದದಲ್ಲಿ ಅಲ್ಲ. ಬೆಟ್ಟದ ನೆತ್ತಿಯಿಂದ ಇಳಿಯುವಾಗ ಮೊದಲು ನಿಧಾನ, ಆಮೇಲೆ ಕಡಿದು, ಬುಡದಲ್ಲಿ ಮತ್ತೆ ನಿಧಾನ ಇರುವ ಹಾಗೆ. ಇಳಿಜಾರು ಅತ್ಯಂತ ಕಡಿದಾಗಿರುವುದು ಸರಿಯಾಗಿ ಅರ್ಧ ತ್ರಿಜ್ಯದ ದೂರದಲ್ಲಿ. ಅಲ್ಲಿ ಮೇಲಿನ ಉಬ್ಬು ಮುಗಿದಿದೆ, ಕೆಳಗಿನ ತಗ್ಗು ಇನ್ನೂ ಶುರುವಾಗಿಲ್ಲ. ತುಸು ದೂರ ಅದು ಬಹುತೇಕ ನೇರ ಗೆರೆ.

ಸುರುಳಿಗಳನ್ನು ಒಂದು ತ್ರಿಜ್ಯದ ದೂರದಲ್ಲಿಟ್ಟರೆ ನಟ್ಟನಡುವಿನ ಬಿಂದು ಎರಡಕ್ಕೂ ಅರ್ಧ ತ್ರಿಜ್ಯದ ದೂರದಲ್ಲೇ ಬರುತ್ತದೆ. ಸುರುಳಿಯ ಕೇಂದ್ರದ ಬಲವನ್ನು 100 ಎಂದುಕೊಂಡರೆ ನಡುವೆ ಪ್ರತಿಯೊಂದರ ಪಾಲು 71.55, ಒಟ್ಟು 143.1. ಈಗ 1.5 ಸೆಂ.ಮೀ. ಬಲಕ್ಕೆ ಸರಿಯಿರಿ. ಬಲದ ಸುರುಳಿಯ ಪಾಲು 80.04ಕ್ಕೆ ಏರುತ್ತದೆ, ಎಡದ್ದು 63.05ಕ್ಕೆ ಇಳಿಯುತ್ತದೆ. ಕೂಡಿದರೆ ಮತ್ತೆ 143.1! ವ್ಯತ್ಯಾಸ ಹತ್ತು ಸಾವಿರದಲ್ಲಿ ಸುಮಾರು ಒಂದು ಪಾಲು ಮಾತ್ರ. ದೂರ ಹೆಚ್ಚಿಸಿದರೆ ನಡುವೆ ಹಳ್ಳ ಬೀಳುತ್ತದೆ, ಕಡಿಮೆ ಮಾಡಿದರೆ ದಿಬ್ಬ ಏಳುತ್ತದೆ. ಈ ಸಮತಟ್ಟೇನೂ ಅನಂತವಲ್ಲ: ಅಕ್ಷದ ಮೇಲೆ ಸುರುಳಿಯ ಕೇಂದ್ರಕ್ಕೇ ಹೋದರೆ ಕ್ಷೇತ್ರ ಶೇ. 5ಕ್ಕಿಂತ ಹೆಚ್ಚು ಕುಸಿದಿರುತ್ತದೆ.

ದೂರವನ್ನು ಚೌಕಟ್ಟಿನ ಅಂಚಿನಿಂದ ಅಳೆಯಬಾರದು, ಒಂದು ಸುತ್ತುಕಟ್ಟಿನ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಬೇಕು. ಎರಡನ್ನೂ ಸರಣಿಯಲ್ಲಿ ಜೋಡಿಸಿದರೆ ಕರೆಂಟು ತಾನಾಗಿ ಸಮ. ಒಂದರ ತಂತಿ ತಿರುವುಮುರುವಾದರೆ ನಡುವಿನ ಕ್ಷೇತ್ರ ಸೊನ್ನೆ. ದಿಕ್ಸೂಚಿಯನ್ನು ಅಲ್ಲಿಟ್ಟರೆ ಸುರುಳಿಗಳ ಕರೆಂಟಿಗೆ ಮುಳ್ಳು ಕದಲುವುದೇ ಇಲ್ಲ.

130 ಸುತ್ತಿನ ಸುರುಳಿಗಳಲ್ಲಿ 1 ಆಂಪಿಯರ್ ಹರಿದರೆ ನಡುವಿನ ಕ್ಷೇತ್ರ ಸುಮಾರು 780 ಮೈಕ್ರೊಟೆಸ್ಲಾ. 200 ವೋಲ್ಟಿನಲ್ಲಿ ಹೊರಟ ಎಲೆಕ್ಟ್ರಾನ್ ಅಲ್ಲಿ ಸುಮಾರು 6 ಸೆಂ.ಮೀ. ತ್ರಿಜ್ಯದ ವೃತ್ತ ಸುತ್ತುತ್ತದೆ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ, ಹೆಚ್ಚೂಕಡಿಮೆ ಅಡ್ಡಡ್ಡವಾಗಿ ಉತ್ತರ-ದಕ್ಷಿಣ. ಸುರುಳಿಗಳ ಅಕ್ಷವೂ ಆ ದಿಕ್ಕಿಗಿದ್ದರೆ ಕ್ಷೇತ್ರದಲ್ಲಿ ಶೇ. 5ರಷ್ಟು, ಲೆಕ್ಕದ ಉತ್ತರದಲ್ಲಿ ಶೇ. 10ರಷ್ಟು ತಪ್ಪು ನುಸುಳುತ್ತದೆ. ಅಕ್ಷವನ್ನು ಪೂರ್ವ-ಪಶ್ಚಿಮಕ್ಕೆ ತಿರುಗಿಸಿಟ್ಟರೆ ಎಲೆಕ್ಟ್ರಾನಿನ ಸುತ್ತು ತುಸು ಓರೆಯಾಗುತ್ತದೆ, ಗಾತ್ರ ಮಾತ್ರ ಹೆಚ್ಚು ಬದಲಾಗುವುದಿಲ್ಲ.