ತುಪ್ಪ ಕುಡಿಯುವ ಮುನ್ನ ಮಾತ್ರೆ ಚೀಟಿ

ಪಂಚಕರ್ಮಕ್ಕೆ ಹೊರಟವರಿಗೆ ಆಯುರ್ವೇದ ಕೇಂದ್ರ ಕಳಿಸುವ ಸೂಚನೆಯಲ್ಲಿ ‘ಸ್ನೇಹಪಾನ’ ಎಂದಿದ್ದರೆ ಅಲ್ಲೇ ನಿಂತು ಓದಿ. ಇಲ್ಲಿ ಸ್ನೇಹವೆಂದರೆ ಗೆಳೆತನವಲ್ಲ, ಜಿಡ್ಡು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಔಷಧಿ ತುಪ್ಪ. ಸಾಮಾನ್ಯವಾಗಿ 30 ಮಿಲಿಯಷ್ಟರಿಂದ ಶುರು, ದಿನದಿನಕ್ಕೆ ಹೆಚ್ಚು, ಮೂರರಿಂದ ಏಳು ದಿನ. ಮೇಲೆ ಬಿಸಿನೀರು. ತೇಗಿನಲ್ಲಿ ತುಪ್ಪದ ವಾಸನೆ ಹೋಗಿ ಚೆನ್ನಾಗಿ ಹಸಿದ ಮೇಲಷ್ಟೇ ಗಂಜಿ. ಅಷ್ಟರಲ್ಲಿ ಮಧ್ಯಾಹ್ನವೂ ಆಗಬಹುದು.

ಅಂದರೆ ತಿಂಡಿ ಇಲ್ಲ. ಸಕ್ಕರೆ ಕಾಯಿಲೆಯವರು ರೂಢಿಯಂತೆ ಎಂಟಕ್ಕೆ ಮಾತ್ರೆ ನುಂಗಿದರೆ, ಕೆಲವು ಮಾತ್ರೆಗಳಿಂದ ಹನ್ನೊಂದರ ಹೊತ್ತಿಗೆ ಬೆವರು, ಕೈನಡುಕ ಬರಬಹುದು. ಅದು ದೇಹ ಶುದ್ಧಿಯಾಗುವ ಲಕ್ಷಣವಲ್ಲ, ಸಕ್ಕರೆ ಇಳಿದದ್ದು. ತಕ್ಷಣ ಸಿಹಿ ಕೊಟ್ಟು ವೈದ್ಯರನ್ನು ಕರೆಯಬೇಕು. ಹಾಗೆಂದು ಮಾತ್ರೆ ತಾವೇ ಬಿಡುವುದೂ ತಪ್ಪು. ಹೊರಡುವ ಮುಂಚೆಯೇ ಚೀಟಿಯನ್ನು ಎರಡೂ ಕಡೆಯ ವೈದ್ಯರಿಗೆ ತೋರಿಸಿ, ತುಪ್ಪದ ದಿನಗಳ ಪ್ರಮಾಣ ಬರೆಸಿಕೊಳ್ಳಿ.