‘ಇನ್ನೂ ಸ್ವಲ್ಪ ಚೆನ್ನಾಗಿ ಮಾಡಿ’ ಅಂದರೆ ಸಾಲದು

ವೆಬ್‌ಸೈಟಿನ ಮುಖಪುಟದ ಮೊದಲ ಕರಡು ಬಂದಾಗ ಹೋಟೆಲ್ ಮಾಲೀಕರು ಏಜೆನ್ಸಿಗೆ ಬರೆಯುವ ಉತ್ತರ ಹೆಚ್ಚಾಗಿ ಎರಡು ಬಗೆಯದು. ಒಂದು, ‘ಚೆನ್ನಾಗಿದೆ, ಇನ್ನೂ ಸ್ವಲ್ಪ ಎದ್ದು ಕಾಣೋ ಹಾಗೆ ಮಾಡಿ’. ಇನ್ನೊಂದು, ‘ಲೋಗೊ ದೊಡ್ಡದು ಮಾಡಿ, ಹಿಂದೆ ಕೆಂಪು ಬಣ್ಣ ಹಾಕಿ’. ಮೊದಲನೆಯದರಿಂದ ಡಿಸೈನರ್‌ಗೆ ಏನೂ ತಿಳಿಯುವುದಿಲ್ಲ. ಎರಡನೆಯದರಲ್ಲಿ ಔಷಧಿಯ ಹೆಸರಿದೆ, ಕಾಯಿಲೆ ಏನೆಂದು ಹೇಳಿಲ್ಲ.

ಮಾಲೀಕರಿಗೆ ಚೆನ್ನಾಗಿ ಗೊತ್ತಿರುವುದು ಗಿರಾಕಿಗಳು. ಬಣ್ಣ, ಅಳತೆ ಡಿಸೈನರ್ ವಿಷಯ. ಹಾಗಾಗಿ ‘ಈ ಪುಟದಲ್ಲಿ ನನ್ನ ಗಿರಾಕಿಗೆ ಏನು ಸಿಗುತ್ತಿಲ್ಲ’ ಎಂದು ಬರೆದರೆ ಅದು ಕೆಲಸಕ್ಕೆ ಬರುವ ಉತ್ತರ. ದಾವಣಗೆರೆಯ ಒಂದು ಬೆಣ್ಣೆ ದೋಸೆ ಹೋಟೆಲ್ ಅಂದುಕೊಳ್ಳಿ. ಅದರ ಮಾಲೀಕರು ಹೀಗೆ ಬರೆಯಬಹುದು:

‘ನಮಸ್ಕಾರ. ಕರಡನ್ನು ನನ್ನ ಫೋನಿನಲ್ಲೂ ಅಂಗಡಿಯ ಕಂಪ್ಯೂಟರಿನಲ್ಲೂ ನೋಡಿದೆ. ಹಳೆಯ ಒಲೆಯ ಫೋಟೊ, ಪುಟದ ಸರಳತೆ ಎರಡೂ ಇಷ್ಟವಾದವು, ಅವನ್ನು ಬದಲಿಸಬೇಡಿ.

ಮೂರು ವಿಷಯ ಆಗಲೇಬೇಕು. ನಮಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು “ಈಗ ತೆಗೆದಿದೆಯಾ?” ಎಂದು ಕೇಳುವಂಥವು. ನಾವು ಮಧ್ಯಾಹ್ನ 1ರಿಂದ 4ರವರೆಗೆ ಮುಚ್ಚಿರುತ್ತೇವೆ, ಸೋಮವಾರ ರಜೆ. ಈ ವಿವರ ಈಗ ಪುಟದ ಕೊನೆಯಲ್ಲಿದೆ. ಫೋನಿನಲ್ಲಿ ಪುಟ ತೆರೆದ ಕೂಡಲೇ ಅದು ಕಾಣಬೇಕು. ಎರಡನೆಯದು, ಮೇಲಿನ ದೊಡ್ಡ ಫೋಟೊದಲ್ಲಿರುವುದು ಸಾಂಬಾರಿನ ಜೊತೆಗಿನ ಮಸಾಲೆ ದೋಸೆ. ನಾವು ಕೊಡುವುದು ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಬಂದವರು ಸಾಂಬಾರ್ ಕೇಳಿ ಬೇಸರಪಡುತ್ತಾರೆ. ನಮ್ಮದೇ ಫೋಟೊಗಳನ್ನು ಶುಕ್ರವಾರದೊಳಗೆ ಕಳಿಸುತ್ತೇನೆ. ಮೂರನೆಯದು, “ಬೆಣ್ಣೆ” ಎಂಬಲ್ಲಿ ಕೆಳಗಿನ ಒತ್ತಕ್ಷರ ಅರ್ಧ ಕತ್ತರಿಸಿದೆ. ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ.

ಒಂದು ಪ್ರಶ್ನೆ: ಮೆನು ಪಿಡಿಎಫ್ ಆಗಿ ತೆರೆಯುತ್ತದೆಯೋ, ಪುಟದಲ್ಲೇ ಬರಹವಾಗಿ ಇರುತ್ತದೆಯೋ? ತಿಳಿಹಸಿರು ಬಣ್ಣ ನನಗೆ ಅಷ್ಟು ಒಗ್ಗಲಿಲ್ಲ, ಆದರೆ ಆ ತೀರ್ಮಾನ ನಿಮ್ಮದು. ನನ್ನ ತಮ್ಮನೂ ಕರಡು ನೋಡಿದ್ದಾರೆ, ಇದು ಇಬ್ಬರ ಪರವಾಗಿ ಬರೆದ ಉತ್ತರ.’

ಸಮಯ ಎಲ್ಲಿ, ಎಷ್ಟು ದೊಡ್ಡದಾಗಿ ಇರಬೇಕೆಂದು ಮಾಲೀಕರು ಹೇಳಲಿಲ್ಲ, ಯಾಕೆ ಬೇಕೆಂದು ಹೇಳಿದರು. ಅಷ್ಟು ಗೊತ್ತಾದರೆ ಡಿಸೈನರ್ ‘ಈಗ ತೆರೆದಿದೆ’ ಎಂದು ತಾನಾಗಿ ಬದಲಾಗುವ ಸಾಲನ್ನೇ ಇಡಬಹುದು. ಆಗಲೇಬೇಕಾದದ್ದು, ಕೇಳಬೇಕಾದದ್ದು, ಬರೀ ಅಭಿರುಚಿಯದ್ದು ಬೇರೆಬೇರೆಯಾಗಿರುವುದೂ ಮುಖ್ಯ. ಎಲ್ಲ ಬೆರೆತಿದ್ದರೆ ಡಿಸೈನರ್ ಸುಲಭವಾದದ್ದನ್ನು ಮೊದಲು ಮುಗಿಸುತ್ತಾರೆ: ಹಸಿರು ಬದಲಾಗುತ್ತದೆ, ಸಮಯ ಕೆಳಗೇ ಉಳಿಯುತ್ತದೆ.

ಒತ್ತಕ್ಷರದ ದೂರು ಸಣ್ಣದಲ್ಲ. ರೋಮನ್ ಅಕ್ಷರಗಳಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಕನ್ನಡದ ಒತ್ತುಗಳಿಗೆ ಜಾಗ ಸಾಲದು. ಅವು ಕತ್ತರಿಸಿಹೋಗುತ್ತವೆ, ಇಲ್ಲವೇ ಕೆಳಗಿನ ಸಾಲಿಗೆ ತಗಲುತ್ತವೆ. ಕನ್ನಡ ಓದದ ಡಿಸೈನರ್‌ಗೆ ಇದು ಕಣ್ಣಿಗೇ ಬೀಳದು, ಆದ್ದರಿಂದ ಮಾಲೀಕರೇ ಹೇಳಬೇಕು. ಇನ್ನೊಂದು ಅಪಾಯವೂ ಇದೆ. ಮೆನುವನ್ನು ಡಿಟಿಪಿಯವರು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕೊಟ್ಟಿದ್ದರೆ, ಪರದೆಯ ಮೇಲೆ ಕನ್ನಡ ಕಂಡರೂ ಕಂಪ್ಯೂಟರ್‌ಗೆ ಅದು ರೋಮನ್ ಅಕ್ಷರಗಳ ಗೋಜಲು. ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದವರಿಗೆ ಅದು ಸಿಗುವುದಿಲ್ಲ. ಪತ್ತೆಹಚ್ಚುವುದು ಸುಲಭ: ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಯೂನಿಕೋಡಿಗೆ ಬದಲಿಸಿಕೊಡಲು ಕೇಳಬೇಕು.

ಮೆನುವಿನ ಪ್ರಶ್ನೆಯೂ ಇದಕ್ಕೇ ಸೇರಿದ್ದು. ಛಾಪಿಸಲು ಮಾಡಿದ ಪಿಡಿಎಫ್‌ ಅನ್ನು ಫೋನಿನಲ್ಲಿ ಹಿಗ್ಗಿಸಿ, ಅತ್ತಿತ್ತ ಎಳೆದು ಓದಬೇಕು. ಬೆಲೆ ಏರಿದಾಗ ಫೈಲನ್ನೇ ಹೊಸದಾಗಿ ಮಾಡಿಸಬೇಕು. ಪುಟದಲ್ಲೇ ಬರಹವಾಗಿದ್ದರೆ ಒಂದು ಅಂಕಿ ತಿದ್ದಿದರೆ ಮುಗಿಯಿತು.

ಮೊದಲ ಕರಡು ಎಷ್ಟೋ ಸಲ ಬರೀ ಚಿತ್ರ. ಪುಟ ಎಷ್ಟು ಬೇಗ ತೆರೆಯುತ್ತದೆ, ನಂಬರ್ ಒತ್ತಿದರೆ ಕರೆ ಹೋಗುತ್ತದೆಯೇ ಎಂದು ಅದರಲ್ಲಿ ತಿಳಿಯದು. ಅದನ್ನು ಮುಂದಿನ ಹಂತಕ್ಕೆ ಬಿಡಬೇಕು. ತಿದ್ದುಪಡಿಯ ಸುತ್ತುಗಳು ಎಷ್ಟೆಂದು ಒಪ್ಪಂದದಲ್ಲಿ ಬರೆದಿರುವುದು ರೂಢಿ. ಬೆಳಿಗ್ಗೆ ಒಂದು ವಾಟ್ಸಾಪ್ ಸಂದೇಶ, ಸಂಜೆ ತಮ್ಮನಿಂದ ಅದಕ್ಕೆ ವಿರುದ್ಧವಾದ ಇನ್ನೊಂದು ಹೋದರೆ ಆ ಸುತ್ತುಗಳು ಹಾಗೇ ಕರಗುತ್ತವೆ. ಮನೆಯವರೆಲ್ಲ ಮಾತಾಡಿಕೊಂಡು ಒಂದೇ ಮೇಲ್ ಕಳಿಸಬೇಕು.

ಕಳಿಸುವ ಮೊದಲು ಕರಡನ್ನು ನಿಮ್ಮ ಹೋಟೆಲ್ಲಿಗೆ ಯಾವತ್ತೂ ಬರದವರೊಬ್ಬರ ಕೈಗೆ ಫೋನಿನಲ್ಲಿ ಕೊಡಿ. ಇವತ್ತು ಸಂಜೆ ಹೋಟೆಲ್ ತೆರೆದಿರುತ್ತದೆಯೇ, ಎಲ್ಲಿದೆ, ದೋಸೆಗೆ ಎಷ್ಟು ಎಂದು ಕೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅದನ್ನೇ ಮೇಲ್‌ನಲ್ಲಿ ಮೊದಲು ಬರೆಯಿರಿ.